ಕೌಂಟ್ ಏರಿದೆ, ಪ್ರೊಕ್ಯಾಲ್ಸಿಟೋನಿನ್ ನಾರ್ಮಲ್: ಯಾವುದನ್ನು ನಂಬೋದು?

ಪ್ರಶ್ನೆ: ಡಾಕ್ಟರೇ, ನಾವು ಡೊಂಬಿವಲಿಯಲ್ಲಿ ಇರೋದು. ಅಪ್ಪನಿಗೆ 68, ಶುಗರ್ ಇದೆ. ಸಿಗರೇಟು ಬಿಟ್ಟು ಎಷ್ಟೋ ವರ್ಷ ಆಯ್ತು, ಉಬ್ಬಸ ಮಾತ್ರ ಬಿಟ್ಟಿಲ್ಲ. ಗುರುವಾರ ರಾತ್ರಿ ಚಳಿಜ್ವರ, ಕೆಮ್ಮು. ಶುಕ್ರವಾರ ಬೆಳಿಗ್ಗೆ ಕೌಂಟ್ 11,400, ಸಿಆರ್‌ಪಿ 11. ಫ್ಯಾಮಿಲಿ ಡಾಕ್ಟರು ಉಬ್ಬಸಕ್ಕೆ ಸ್ಟೀರಾಯ್ಡ್ ಮಾತ್ರೆ ಕೊಟ್ಟರು, ಶನಿವಾರ ಬೆಳಿಗ್ಗೆಯಿಂದ ಅಮಾಕ್ಸಿಕ್ಲಾವ್, ಅಜಿತ್ರೋಮೈಸಿನ್ ಶುರು ಮಾಡಿದರು. ಭಾನುವಾರ ಮಧ್ಯಾಹ್ನ ನರ್ಸಿಂಗ್ ಹೋಮ್‌ನಲ್ಲಿ ಕೌಂಟ್ 17,200, ಸಿಆರ್‌ಪಿ 16.8, ಪ್ರೊಕ್ಯಾಲ್ಸಿಟೋನಿನ್ 0.19. ಎಕ್ಸ್‌ರೇಯಲ್ಲಿ ಬಲಗಡೆ ಕೆಳಗೆ ಪ್ಯಾಚ್. ಅಲ್ಲಿಯವರು "ಪ್ರೊಕ್ಯಾಲ್ ನಾರ್ಮಲ್, ಇದು ವೈರಲ್, ಆಂಟಿಬಯೋಟಿಕ್ ನಿಲ್ಲಿಸಿ" ಅಂತಾರೆ. ನಮ್ಮ ಡಾಕ್ಟರು "ಕೌಂಟ್ ಏರ್ತಾ ಇದೆ, ಔಷಧಿ ತಾಗ್ತಿಲ್ಲ, ಅಡ್ಮಿಟ್ ಮಾಡಿ ಮೆರೋಪೆನೆಮ್ ಹಾಕಿಸಿ" ಅಂತಾರೆ. ಇವತ್ತು ಜ್ವರ 100, ಆಕ್ಸಿಜನ್ 94, ಎರಡು ಇಡ್ಲಿ ತಿಂದರು, ಮಾತೆಲ್ಲ ಸರಿಯಾಗಿದೆ. ಸಿಆರ್‌ಪಿ ಹೆಚ್ಚೇನೂ ಏರಿಲ್ಲ ಅಲ್ವಾ? ಯಾರ ಮಾತು ಕೇಳೋದು? ಎರಡೂ ರಿಪೋರ್ಟಿನ ಫೋಟೋ ಕಳಿಸಿದ್ದೇನೆ.

ಉತ್ತರ: ಮೊದಲು ಆ ಎರಡು ಫೋಟೋಗಳನ್ನು ಪಕ್ಕಪಕ್ಕ ಇಟ್ಟು ಸಿಆರ್‌ಪಿ ಸಾಲಿನ ಕೊನೆಗೆ ಸಣ್ಣ ಅಕ್ಷರದಲ್ಲಿ ಏನಿದೆ ಓದಿ. ಶುಕ್ರವಾರದ ಲ್ಯಾಬ್ 11 `mg/L` ಅಂತ ಬರೆದಿದೆ. ನರ್ಸಿಂಗ್ ಹೋಮ್‌ನದು 16.8 `mg/dL`. ಒಂದು ಲೀಟರಿನ ಲೆಕ್ಕ, ಇನ್ನೊಂದು ಡೆಸಿಲೀಟರಿನ ಲೆಕ್ಕ, ಅಂದರೆ ಎರಡನೆಯದನ್ನು ಹತ್ತರಿಂದ ಗುಣಿಸಿ ಓದಬೇಕು. ಅಪ್ಪನ ಸಿಆರ್‌ಪಿ 11ರಿಂದ 16.8ಕ್ಕೆ ಹೋಗಿಲ್ಲ, 11ರಿಂದ 168ಕ್ಕೆ ಹೋಗಿದೆ. ಇದನ್ನು ನೀವು ಗಮನಿಸದೇ ಇದ್ದದ್ದು ಸಹಜ, ಬೇರೆ ಬೇರೆ ಲ್ಯಾಬಿನ ರಿಪೋರ್ಟ್ ಕೈಗೆ ಬಂದಾಗ ಡ್ಯೂಟಿ ಡಾಕ್ಟರುಗಳೂ ಇಲ್ಲೇ ಎಡವುತ್ತಾರೆ. ನಾರ್ಮಲ್ ಎಷ್ಟು ಅಂತ ಪಕ್ಕದಲ್ಲೇ ಅಚ್ಚಾಗಿರುತ್ತದೆ ನೋಡಿ: ಒಂದರಲ್ಲಿ 5ರ ಒಳಗೆ, ಇನ್ನೊಂದರಲ್ಲಿ 0.5ರ ಒಳಗೆ. ಇನ್ನೂ ಒಂದು ಗೊಂದಲ ಇದೆ, 'ಎಚ್‌ಎಸ್-ಸಿಆರ್‌ಪಿ' ಅಂತ. ಅದು ಹೃದಯದ ಅಪಾಯ ಅಳೆಯೋಕೆ ಮಾಡಿಸುವ, ತೀರಾ ಸಣ್ಣ ಪ್ರಮಾಣವನ್ನೂ ಹಿಡಿಯುವ ಟೆಸ್ಟು. ಜ್ವರ ಬಂದಾಗ ಅದನ್ನು ಮಾಡಿಸಿ ಹಾರ್ಟ್ ಕೆಟ್ಟಿದೆ ಅಂತ ಹೆದರಬೇಡಿ.

ಇನ್ನು ವಿಷಯಕ್ಕೆ ಬರ್ತೀನಿ. ನೇರವಾಗಿ ಹೇಳಬೇಕು ಅಂದರೆ, ಇಬ್ಬರು ಡಾಕ್ಟರೂ ಒಂದೊಂದು ಸಂಖ್ಯೆಯನ್ನು ಅದು ಉತ್ತರಿಸಲಾಗದ ಪ್ರಶ್ನೆಗೆ ಉತ್ತರ ಅಂತ ಓದಿದ್ದಾರೆ. ನಿಮ್ಮ ಅಪ್ಪನ ನಿಜವಾದ ಕಾಯಿಲೆ ಏನು ಅಂತ ಹೇಳುವುದು ಎಕ್ಸ್‌ರೇ ಮತ್ತು ಅವರ ಎದೆಯ ಸದ್ದು. ಜ್ವರ, ಕೆಮ್ಮು, ಎಕ್ಸ್‌ರೇಯಲ್ಲಿ ಹೊಸ ಪ್ಯಾಚ್, ಮೂರೂ ಇದ್ದರೆ ಅದು ನ್ಯುಮೋನಿಯಾ. ಮೂರು ಟೆಸ್ಟುಗಳು ಈ ಮಾತನ್ನು ಅಳಿಸಲಾರವು.

ಕೌಂಟ್‌ನಿಂದ ಶುರು ಮಾಡೋಣ, ಯಾಕಂದರೆ ನಮ್ಮ ಕಡೆ ಎಲ್ಲರೂ ಮೊದಲು ಹೆದರುವುದು ಇದಕ್ಕೇ. "ಪಾಂಢರ್‍ಯಾ ಪೇಶಿ ವಾಢಲ್ಯಾ ಆಹೇತ್" ಅಂತ, ಅಂದರೆ ಬಿಳಿ ಕಣಗಳು ಜಾಸ್ತಿಯಾಗಿವೆ ಅಂತ, ಲ್ಯಾಬಿನವನೇ ರಿಪೋರ್ಟ್ ಕೊಡುವಾಗ ಹೇಳಿ ಕಳಿಸುತ್ತಾನೆ, ಮನೆಗೆ ಬರುವಷ್ಟರಲ್ಲಿ ಎಲ್ಲರ ಮುಖ ಬಾಡಿರುತ್ತದೆ. ಬಿಳಿ ಕಣಗಳಲ್ಲಿ ಬ್ಯಾಕ್ಟೀರಿಯಾ ತಿನ್ನೋಕೆ ಮೊದಲು ಓಡುವವು ನ್ಯೂಟ್ರೋಫಿಲ್‌ಗಳು. ರಕ್ತನಾಳದೊಳಗಿರುವ ಇವುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹರಿಯುವ ರಕ್ತದಲ್ಲಿ ಇರುವುದೇ ಇಲ್ಲ, ನಾಳದ ಗೋಡೆಗೆ ಅಂಟಿಕೊಂಡು ಕೂತಿರುತ್ತವೆ. ನಾವು ಸಿರಿಂಜಿನಲ್ಲಿ ಎಳೆಯೋದು ಹರಿಯುವ ರಕ್ತವನ್ನು ಮಾತ್ರ. ದಾದರ್ ಸ್ಟೇಷನ್ನಿನಲ್ಲಿ ಫಾಸ್ಟ್ ಲೋಕಲ್ ಬಂತು ಅಂತ ಅನೌನ್ಸ್ ಆದ ಕೂಡಲೇ ಬೆಂಚಿನಲ್ಲಿ, ಕಂಬದ ಹಿಂದೆ ಇದ್ದವರೆಲ್ಲ ಪ್ಲಾಟ್‌ಫಾರಂ ಅಂಚಿಗೆ ಬರ್ತಾರಲ್ಲ, ಹೊರಗಿಂದ ಯಾರೂ ಹೊಸಬರು ಬಂದಿರುವುದಿಲ್ಲ, ಜನ ಮಾತ್ರ ದುಪ್ಪಟ್ಟು ಕಾಣ್ತಾರೆ. ಸ್ಟೀರಾಯ್ಡ್ ಮಾಡುವುದು ಇದನ್ನೇ. ಗೋಡೆಗೆ ಅಂಟಿದ ಕಣಗಳನ್ನು ಬಿಡಿಸಿ ಹರಿವಿಗೆ ತಳ್ಳುತ್ತದೆ, ಅಸ್ಥಿಮಜ್ಜೆಯಿಂದಲೂ ಒಂದಷ್ಟನ್ನು ಹೊರಗೆ ಬಿಡುತ್ತದೆ, ಹರಿವಿನಲ್ಲಿದ್ದವು ಅಂಗಾಂಶದೊಳಗೆ ಇಳಿಯದಂತೆ ತಡೆಯುತ್ತದೆ. ಮಾತ್ರೆ ನುಂಗಿದ ಕೆಲವೇ ಗಂಟೆಗಳಲ್ಲಿ ಕೌಂಟ್ ಏರಲು ಶುರುವಾಗುತ್ತದೆ.

ನಿಮ್ಮ ಅಪ್ಪನ ಚೀಟಿಯಲ್ಲಿ ಪ್ರೆಡ್ನಿಸೊಲೋನ್ ದಿನಕ್ಕೆ 40 ಮಿ.ಗ್ರಾಂ ಅಂತ ಇದೆ. ಉಬ್ಬಸ ಜಾಸ್ತಿಯಾದಾಗ ಐದು ದಿನಕ್ಕೆ ಕೊಡುವ ಮಾಮೂಲು ಡೋಸ್ ಅದು, ತಪ್ಪೇನಿಲ್ಲ. ಆದರೆ ಆ ಡೋಸಿಗೆ ಎರಡು ದಿನದಲ್ಲಿ ಕೌಂಟ್ ನಾಲ್ಕೈದು ಸಾವಿರ ಏರುವುದು ಆಶ್ಚರ್ಯವಲ್ಲ. ಹಾಗಾಗಿ 11,400 ಇದ್ದದ್ದು 17,200 ಆಗಿದ್ದರಲ್ಲಿ ಸೋಂಕಿನ ಪಾಲು ಎಷ್ಟು, ಮಾತ್ರೆಯ ಪಾಲು ಎಷ್ಟು ಅಂತ ಬಿಡಿಸಿ ಹೇಳೋಕೆ ಆಗಲ್ಲ. 'ಔಷಧಿ ತಾಗ್ತಿಲ್ಲ' ಅನ್ನುವ ತೀರ್ಮಾನ ಆ ಸಂಖ್ಯೆಯ ಮೇಲೆ ನಿಲ್ಲೋದಿಲ್ಲ. ಒಂದು ಸುಳಿವು ಮಾತ್ರ ಇದೆ. ನಿಜವಾದ ಜೋರು ಸೋಂಕಿನಲ್ಲಿ ಮಜ್ಜೆಯಿಂದ ಇನ್ನೂ ಬಲಿಯದ ನ್ಯೂಟ್ರೋಫಿಲ್‌ಗಳೂ ಹೊರಗೆ ಬರುತ್ತವೆ, 'ಬ್ಯಾಂಡ್' ಅಂತಾರೆ ಅವಕ್ಕೆ. ಬರೀ ಸ್ಟೀರಾಯ್ಡಿನ ಏರಿಕೆಯಲ್ಲಿ ಅವು ಅಷ್ಟಾಗಿ ಕಾಣಲ್ಲ. ಮೆಷಿನ್ ಕೊಡುವ ರಿಪೋರ್ಟಿನಲ್ಲಿ ಸಾಮಾನ್ಯವಾಗಿ ಬ್ಯಾಂಡ್ ಬೇರೆಯಾಗಿ ಇರಲ್ಲ. ಯಾರಾದರೂ ಸ್ಲೈಡ್ ಮಾಡಿ ಮೈಕ್ರೋಸ್ಕೋಪಿನಲ್ಲಿ ನೋಡಬೇಕು. 'ಸ್ಮಿಯರ್ ನೋಡಿ, ಬ್ಯಾಂಡ್ ಎಷ್ಟು, ಟಾಕ್ಸಿಕ್ ಗ್ರಾನ್ಯೂಲ್ ಇದೆಯಾ ಬರೆದುಕೊಡಿ' ಅಂತ ಪೆಥಾಲಜಿಸ್ಟ್ ಹತ್ತಿರ ಕೇಳಿದರೆ ಮಾಡಿಕೊಡುತ್ತಾರೆ, ಅದೇ ಸ್ಯಾಂಪಲ್ ಸಾಕಾಗುತ್ತದೆ.

ಸುಮ್ನೆ ಒಂದು ಮಾತು: ಕೌಂಟ್ ನಾರ್ಮಲ್ ಇದ್ದರೆ ಸೋಂಕಿಲ್ಲ ಅಂತಲೂ ಅಲ್ಲ. ವಯಸ್ಸಾದವರಲ್ಲಿ ದೊಡ್ಡ ಸೋಂಕಿದ್ದರೂ ಕೌಂಟ್ ಏರದೇ ಇರಬಹುದು. ಟೈಫಾಯ್ಡ್‌ನಲ್ಲಿ ಎಷ್ಟೋ ಸಲ ನಾರ್ಮಲ್ ಅಥವಾ ಕಡಿಮೆ. ಮತ್ತೆ, ಕಾಯಿಲೆ ಜೋರಾಗಿರುವವರಲ್ಲಿ ಕೌಂಟ್ 4,000ಕ್ಕಿಂತ ಕೆಳಗೆ ಬಂದರೆ ನಾನು 17,000ಕ್ಕಿಂತ ಹೆಚ್ಚು ಹೆದರುತ್ತೇನೆ.

ಈಗ ಸಿಆರ್‌ಪಿ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಇದನ್ನು ಕಂಡದ್ದು ನ್ಯುಮೋನಿಯಾ ರೋಗಿಗಳ ರಕ್ತದಲ್ಲೇ. ಇದನ್ನು ತಯಾರಿಸುವುದು ಲಿವರ್. ದೇಹದಲ್ಲಿ ಎಲ್ಲಾದರೂ ಉರಿಯೂತ ಆದರೆ ಅಲ್ಲಿಂದ ಇಂಟರ್‌ಲ್ಯೂಕಿನ್-6 ಅನ್ನೋ ಸಂದೇಶ ಹೋಗುತ್ತದೆ, ಅದನ್ನು ಕೇಳಿ ಲಿವರ್ ಸಿಆರ್‌ಪಿ ಮಾಡಿ ರಕ್ತಕ್ಕೆ ಬಿಡುತ್ತದೆ. ಇದಕ್ಕೆ ಸಮಯ ಬೇಕಲ್ಲ? ಏರಲು ಶುರುವಾಗೋಕೇ ಆರರಿಂದ ಹನ್ನೆರಡು ಗಂಟೆ, ತುದಿ ಮುಟ್ಟೋಕೆ ಒಂದೂವರೆಯಿಂದ ಎರಡು ದಿನ. ಗುರುವಾರ ರಾತ್ರಿ ಚಳಿ ಹತ್ತಿ ಶುಕ್ರವಾರ ಬೆಳಿಗ್ಗೆಯೇ ರಕ್ತ ಕೊಟ್ಟರೆ 11 ಬರದೆ ಇನ್ನೇನು ಬರುತ್ತದೆ? ಆ 11 ಅನ್ನು ನೋಡಿ 'ಏನೂ ಇಲ್ಲ' ಅಂದುಕೊಳ್ಳುವುದು ಮುಂಬೈಯಲ್ಲಿ ದಿನಾ ನಡೆಯುವ ತಪ್ಪು. ಜ್ವರ ಬಂದ ಮೊದಲ ಹನ್ನೆರಡು ಗಂಟೆಯ ಸಿಆರ್‌ಪಿ ಕಡಿಮೆ ಇದ್ದರೆ ಅದರಿಂದ ನೆಮ್ಮದಿ ಪಡಬೇಡಿ, ಮಾರನೇ ದಿನ ಮತ್ತೆ ಮಾಡಿಸಿ.

ಭಾನುವಾರದ 168ಕ್ಕೂ ಇದೇ ಲೆಕ್ಕ. ಆಂಟಿಬಯೋಟಿಕ್ ಶುರುವಾಗಿದ್ದು ಶನಿವಾರ ಬೆಳಿಗ್ಗೆ, ರಕ್ತ ತೆಗೆದದ್ದು ಭಾನುವಾರ ಮಧ್ಯಾಹ್ನ, ಮಧ್ಯೆ ಮೂವತ್ತು ಗಂಟೆಯೂ ಇಲ್ಲ. ಆ 168 ಹೇಳುತ್ತಿರುವುದು ಹೆಚ್ಚಾಗಿ ಶುಕ್ರವಾರ, ಶನಿವಾರದ ಕಥೆ. ಔಷಧಿ ಕೆಲಸ ಮಾಡ್ತಾ ಇದ್ದರೂ ಆ ಹೊತ್ತಿಗೆ ಸಿಆರ್‌ಪಿ ಏರುತ್ತಲೇ ಇರಬಹುದು.

168 ಅಂದರೆ ಬ್ಯಾಕ್ಟೀರಿಯಾನೇ ಅಂತ ಗ್ಯಾರಂಟಿಯಾ? ಇಲ್ಲ. ನೂರು ದಾಟಿದಾಗ ಬ್ಯಾಕ್ಟೀರಿಯಾದ ಅನುಮಾನ ಜಾಸ್ತಿ, ಅಷ್ಟೇ. ಕೋವಿಡ್‌ನಲ್ಲಿ ಇನ್ನೂರು ದಾಟಿದ್ದನ್ನು ನಾವೆಲ್ಲ ಕಣ್ಣಾರೆ ನೋಡಿದ್ದೇವೆ. ಗೌಟ್ ಬಂದು ಕಾಲಿನ ಹೆಬ್ಬೆರಳು ಊದಿದರೂ, ದೊಡ್ಡ ಆಪರೇಷನ್ ಆದ ಎರಡು ಮೂರನೇ ದಿನವೂ ನೂರು ದಾಟುತ್ತದೆ, ಅಲ್ಲಿ ಸೋಂಕೇ ಇರಲ್ಲ. ಲಿವರ್ ಪೂರ್ತಿ ಹಾಳಾದವರಲ್ಲಿ ಏರಬೇಕಾದಷ್ಟು ಏರಲ್ಲ. ಸಂಧಿವಾತಕ್ಕೆ ಟೊಸಿಲಿಜುಮಾಬ್ ಇಂಜೆಕ್ಷನ್ ತಗೊಳ್ಳುವವರಲ್ಲಂತೂ ಆ ಸಂದೇಶವನ್ನೇ ಔಷಧಿ ತಡೆಯುತ್ತದೆ, ದೊಡ್ಡ ಸೋಂಕಿದ್ದರೂ ಸಿಆರ್‌ಪಿ ನಾರ್ಮಲ್ ಬರಬಹುದು.

ಸಿಆರ್‌ಪಿಯ ನಿಜವಾದ ಉಪಯೋಗ ಇಳಿಯುವಾಗ. ಲಿವರ್ ತಯಾರಿಸುವುದನ್ನು ಪೂರ್ತಿ ನಿಲ್ಲಿಸಿದರೆ ರಕ್ತದಲ್ಲಿ ಇರುವುದು ಸುಮಾರು 19 ಗಂಟೆಗೆ ಅರ್ಧ ಆಗುತ್ತದೆ. ನಿಜ ಜೀವನದಲ್ಲಿ ತಯಾರಿ ಒಮ್ಮೆಲೇ ನಿಲ್ಲಲ್ಲ, ನಿಧಾನಕ್ಕೆ ತಗ್ಗುತ್ತದೆ, ಅದಕ್ಕೇ ನ್ಯುಮೋನಿಯಾದಲ್ಲಿ ನಾಲ್ಕನೇ ದಿನಕ್ಕೆ ಅರ್ಧಕ್ಕಿಂತ ಕೆಳಗೆ ಬಂದಿರಬೇಕು ಅನ್ನೋ ಅಳತೆ ಇಟ್ಟುಕೊಳ್ಳುತ್ತೇವೆ. ಹಾಗಾಗಿ ನಾಳೆ ಬೆಳಿಗ್ಗೆ ಸಿಆರ್‌ಪಿಗೆ ಅಂತ ಮತ್ತೆ ಲ್ಯಾಬಿಗೆ ಓಡಬೇಡಿ. ಬುಧವಾರ, ಅದೇ ಲ್ಯಾಬಿನಲ್ಲಿ, ಸಿಆರ್‌ಪಿ ಒಂದನ್ನು ಮಾಡಿಸಿ. 80ರ ಆಸುಪಾಸು ಅಥವಾ ಅದಕ್ಕಿಂತ ಕೆಳಗಿದ್ದು, ಜ್ವರವೂ ಬಿಟ್ಟಿದ್ದರೆ ಔಷಧಿ ತಾಗಿದೆ. ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡ್ತೀನಿ: ಸ್ಟೀರಾಯ್ಡ್ ತಾನೇ ಸಿಆರ್‌ಪಿಯನ್ನು ಒಂದಷ್ಟು ಇಳಿಸುತ್ತದೆ, ಜ್ವರವನ್ನೂ ಮುಚ್ಚುತ್ತದೆ. ಅಪ್ಪ ಇನ್ನೂ ಏದುಸಿರು ಬಿಡ್ತಾ ಇದ್ದು ಕಾಗದದ ಮೇಲೆ ಸಿಆರ್‌ಪಿ ಇಳಿದಿದ್ದರೆ ಏದುಸಿರನ್ನು ನಂಬಿ, ಕಾಗದವನ್ನಲ್ಲ.

ನಿಮ್ಮ ತಲೆ ಕೆಡಿಸಿದ್ದು ಪ್ರೊಕ್ಯಾಲ್ಸಿಟೋನಿನ್, ಅಲ್ವಾ. ಅದಕ್ಕೆ ಬೆಲೆ ಜಾಸ್ತಿ, ಹೆಸರು ದೊಡ್ಡದು, ಆದ್ದರಿಂದ ಮಾತಿಗೆ ತೂಕವೂ ಜಾಸ್ತಿ ಅಂತ ಜನ ಅಂದುಕೊಳ್ಳುತ್ತಾರೆ. ಥೈರಾಯ್ಡ್ ಗ್ರಂಥಿಯಲ್ಲಿ ತಯಾರಾಗುವ ಕ್ಯಾಲ್ಸಿಟೋನಿನ್ ಅನ್ನೋ ಹಾರ್ಮೋನಿನ ಕಚ್ಚಾ ರೂಪ ಇದು. ಆರೋಗ್ಯವಾಗಿದ್ದಾಗ ರಕ್ತದಲ್ಲಿ ಇರುವುದೇ ಇಲ್ಲ ಅನ್ನುವಷ್ಟು ಕಡಿಮೆ. ಬ್ಯಾಕ್ಟೀರಿಯಾದ ವಿಷ ರಕ್ತಕ್ಕೆ ಹರಡಿದಾಗ ಲಿವರ್, ಶ್ವಾಸಕೋಶ, ಕೊಬ್ಬು ಹೀಗೆ ದೇಹದ ಎಲ್ಲ ಕಡೆಯ ಜೀವಕೋಶಗಳೂ ಇದನ್ನು ಸುರಿಯಲು ಶುರು ಮಾಡುತ್ತವೆ. ವೈರಸ್ ಬಂದಾಗ ದೇಹ ಹೊರಡಿಸುವ ಇಂಟರ್‌ಫೆರಾನ್-ಗಾಮಾ ಇದರ ತಯಾರಿಯನ್ನು ಅಡಗಿಸುತ್ತದೆ. ಇದರ ವೇಗವೂ ಚೆನ್ನಾಗಿದೆ, ಮೂರು ನಾಲ್ಕು ಗಂಟೆಯಲ್ಲೇ ಏರಲು ಶುರು, ಒಂದು ದಿನದೊಳಗೆ ತುದಿ, ಆಮೇಲೆ ಸುಮಾರು ದಿನಕ್ಕೆ ಅರ್ಧದಂತೆ ಇಳಿತ. ಬ್ಯಾಕ್ಟೀರಿಯಾ ಆದರೆ ಏರುತ್ತದೆ, ವೈರಸ್ ಆದರೆ ಏರಲ್ಲ ಅನ್ನೋ ಆಸೆ ಹುಟ್ಟಿದ್ದು ಇಲ್ಲಿಂದಲೇ. ಎಷ್ಟು ಚಂದದ ಕಥೆ ನೋಡಿ, ಅರ್ಧ ನಿಜವೂ ಹೌದು.

ಉಳಿದ ಅರ್ಧವೇ ನಿಮ್ಮ ಅಪ್ಪನದು. ಪ್ರೊಕ್ಯಾಲ್ಸಿಟೋನಿನ್ ಚೆನ್ನಾಗಿ ಏರುವುದು ಬ್ಯಾಕ್ಟೀರಿಯಾದ ಹಾವಳಿ ರಕ್ತಕ್ಕೆ, ಇಡೀ ದೇಹಕ್ಕೆ ಹರಡಿದಾಗ. ಒಂದೇ ಮೂಲೆಯಲ್ಲಿ ಕೂತ ಸೋಂಕಿಗೆ, ಅಂದರೆ ಶ್ವಾಸಕೋಶದ ಒಂದು ಭಾಗದ ನ್ಯುಮೋನಿಯಾ, ಎಲ್ಲೋ ಒಳಗೆ ಕಟ್ಟಿದ ಕೀವು, ಮೂಳೆಯ ಸೋಂಕು, ಇಂಥವಕ್ಕೆ ಅದು ಮಿಸುಕಾಡದೇ ಇರಬಹುದು. ಮೈಕೋಪ್ಲಾಸ್ಮಾ ಅನ್ನೋ ಬ್ಯಾಕ್ಟೀರಿಯಾದ ನ್ಯುಮೋನಿಯಾದಲ್ಲಿ, ಟಿಬಿಯಲ್ಲೂ ಹೀಗೇ. ಅಮೆರಿಕದಲ್ಲಿ ಆಸ್ಪತ್ರೆಗೆ ಸೇರಿದ ನ್ಯುಮೋನಿಯಾ ರೋಗಿಗಳ ಮೇಲೆ ಮಾಡಿ 2017ರಲ್ಲಿ ಪ್ರಕಟಿಸಿದ ಒಂದು ದೊಡ್ಡ ಅಧ್ಯಯನದಲ್ಲಿ ಗೆರೆಯನ್ನು 0.1ರಷ್ಟು ಕೆಳಗೆ ಎಳೆದರೂ ಬ್ಯಾಕ್ಟೀರಿಯಾದ ನ್ಯುಮೋನಿಯಾ ಇದ್ದವರಲ್ಲಿ ಹತ್ತಕ್ಕೆ ಸುಮಾರು ಇಬ್ಬರು ಆ ಗೆರೆಯ ಕೆಳಗೇ ಉಳಿದರು. ಇನ್ನು 0.25ರ ಗೆರೆ ಎಳೆದರೆ ತಪ್ಪಿಸಿಕೊಳ್ಳುವವರು ಇನ್ನೂ ಜಾಸ್ತಿ. ಜೊತೆಗೆ ಅಪ್ಪನ ರಕ್ತ ತೆಗೆಯುವ ಹೊತ್ತಿಗೆ ಆಂಟಿಬಯೋಟಿಕ್ ಒಂದು ದಿನ ದಾಟಿತ್ತು. ದಿನಕ್ಕೆ ಅರ್ಧ ಇಳಿಯುವ ವಸ್ತು ಶನಿವಾರ ಎಷ್ಟಿತ್ತೋ ಯಾರಿಗೆ ಗೊತ್ತು. 0.19 ಅನ್ನೋದು 'ಬ್ಯಾಕ್ಟೀರಿಯಾ ಇಲ್ಲ' ಅನ್ನೋ ಸರ್ಟಿಫಿಕೇಟ್ ಅಲ್ಲ. 'ಸೋಂಕು ರಕ್ತಕ್ಕೆ ಜೋರಾಗಿ ಹರಡಿದಂತೆ ಕಾಣ್ತಿಲ್ಲ' ಅನ್ನುವಷ್ಟು ಒಳ್ಳೆಯ ಸುದ್ದಿ ಅದು, ಅಷ್ಟನ್ನು ಇಟ್ಟುಕೊಳ್ಳಿ.

ಇದು ನನ್ನ ಒಬ್ಬನ ಅಭಿಪ್ರಾಯ ಅಲ್ಲ. ಅಮೆರಿಕದ ಎದೆರೋಗ ಮತ್ತು ಸೋಂಕುರೋಗ ಸಂಘಟನೆಗಳು ಸೇರಿ 2019ರಲ್ಲಿ ಹೊರಡಿಸಿದ ನ್ಯುಮೋನಿಯಾ ಮಾರ್ಗಸೂಚಿ ಸ್ಪಷ್ಟವಾಗಿ ಹೇಳುತ್ತದೆ: ಲಕ್ಷಣ ಇದ್ದು ಎಕ್ಸ್‌ರೇಯಲ್ಲೂ ಕಂಡರೆ, ಪ್ರೊಕ್ಯಾಲ್ಸಿಟೋನಿನ್ ಎಷ್ಟೇ ಇರಲಿ, ಆಂಟಿಬಯೋಟಿಕ್ ಶುರು ಮಾಡಿ. ಸೋಂಕಿನಿಂದ ಅಂಗಾಂಗಗಳೇ ಸೋಲುವ ಸೆಪ್ಸಿಸ್ ಬಗ್ಗೆ ಬಂದ 2021ರ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಆಂಟಿಬಯೋಟಿಕ್ ಶುರು ಮಾಡಬೇಕೋ ಬೇಡವೋ ಅಂತ ನಿರ್ಧರಿಸೋಕೆ ಇದನ್ನು ಬಳಸಬೇಡಿ ಅಂತಲೇ ಹೇಳುತ್ತದೆ, ಯಾವಾಗ ನಿಲ್ಲಿಸಬೇಕು ಅನ್ನೋಕೆ ಬಳಸಬಹುದು ಅನ್ನುತ್ತದೆ. ಆ ಕೆಲಸದಲ್ಲಿ ಅದು ನಿಜಕ್ಕೂ ಚೆನ್ನಾಗಿದೆ. ಐಸಿಯುನಲ್ಲಿ ತುದಿಯಿಂದ ಶೇ. 80ರಷ್ಟು ಇಳಿದರೆ ಅಥವಾ 0.5ಕ್ಕಿಂತ ಕೆಳಗೆ ಬಂದರೆ, ರೋಗಿಯೂ ಚೇತರಿಸಿಕೊಂಡಿದ್ದರೆ ನಿಲ್ಲಿಸಬಹುದು. ಬ್ರಿಟನ್ನಿನ ಐಸಿಯುಗಳಲ್ಲಿ ನಡೆದು 2024ರ ಕೊನೆಗೆ ಪ್ರಕಟವಾದ ಪ್ರಯೋಗದಲ್ಲಿ ದಿನಾ ಪ್ರೊಕ್ಯಾಲ್ಸಿಟೋನಿನ್ ನೋಡಿದವರಿಗೆ ಆಂಟಿಬಯೋಟಿಕ್ ಸುಮಾರು ಒಂದು ದಿನ ಕಡಿಮೆ ಸಾಕಾಯಿತು, ಸಿಆರ್‌ಪಿ ನೋಡಿದವರಿಗೆ ಆ ಲಾಭ ಸಿಗಲಿಲ್ಲ.

ಉಲ್ಟಾ ಕಡೆಯದನ್ನೂ ಹೇಳಬೇಕು, ಮಳೆಗಾಲದಲ್ಲಿ ನಮ್ಮ ಊರಲ್ಲಿ ಇದು ದಿನಾ ಎದುರಾಗುತ್ತದೆ. ಪ್ರೊಕ್ಯಾಲ್ಸಿಟೋನಿನ್ 5, 10 ಇದೆ, ಆದರೆ ಬ್ಯಾಕ್ಟೀರಿಯಾ ಇಲ್ಲ. ಯಾಕೆ? ಮಲೇರಿಯಾ. ಪರೋಪಜೀವಿಯ ಕಾಯಿಲೆಯಾದರೂ ಅದರಲ್ಲಿ ಪ್ರೊಕ್ಯಾಲ್ಸಿಟೋನಿನ್ ಚೆನ್ನಾಗಿಯೇ ಏರುತ್ತದೆ. ಪ್ಲೇಟ್‌ಲೆಟ್ ಕಡಿಮೆ, ಕೌಂಟ್ ನಾರ್ಮಲ್ ಅಥವಾ ಕಡಿಮೆ, ಪ್ರೊಕ್ಯಾಲ್ ಜಾಸ್ತಿ ಅಂತ ನೋಡಿದ ಕೂಡಲೇ ಇಂಜೆಕ್ಷನ್ ಆಂಟಿಬಯೋಟಿಕ್ ಹಚ್ಚಿ ಕೂತರೆ, ಒಂದು ಸ್ಮಿಯರ್‌ನಲ್ಲಿ ಸಿಕ್ಕಿಬಿಡುವ ಕಾಯಿಲೆ ಕೈ ತಪ್ಪುತ್ತದೆ. ಕಿಡ್ನಿ ಕೆಟ್ಟವರಲ್ಲಿ ಸೋಂಕಿಲ್ಲದೆಯೂ ಮೊದಲೇ ಒಂದಿಷ್ಟು ಏರಿರುತ್ತದೆ. ಮಳೆ ನೀರಿನಲ್ಲಿ ನಡೆದು ಬಂದವರ ಲೆಪ್ಟೋದಲ್ಲಿ ಮೂರೂ ಸಂಖ್ಯೆ ಒಟ್ಟಿಗೆ ಹಾರಬಹುದು, ಅದು ಮಾತ್ರ ಬ್ಯಾಕ್ಟೀರಿಯಾನೇ. ನಿಮ್ಮ ಅಪ್ಪನಿಗೂ ಜುಲೈಯ ಚಳಿಜ್ವರ ಅಲ್ವಾ, ಪ್ಯಾಚ್ ಕಂಡಿದ್ದರೂ ಒಂದು ಮಲೇರಿಯಾ ಸ್ಮಿಯರ್ ಆಗಿದೆಯಾ ಕೇಳಿ, ಫೋಟೋದಲ್ಲಿ ನನಗೆ ಕಾಣಲಿಲ್ಲ.

ಹಾಗಾದರೆ ಈಗೇನು ಮಾಡೋದು. ಅಮಾಕ್ಸಿಕ್ಲಾವ್, ಅಜಿತ್ರೋ ಮುಂದುವರಿಸಿ, ನಿಲ್ಲಿಸಬೇಡಿ. ಮೆರೋಪೆನೆಮ್ ಬೇಕು ಅನ್ನೋಕೆ ನೀವು ಬರೆದದ್ದರಲ್ಲಿ ನನಗೆ ಕಾರಣ ಕಾಣ್ತಿಲ್ಲ. ಅದು ಮೊಂಡು ಬ್ಯಾಕ್ಟೀರಿಯಾದ ಅನುಮಾನ ಇದ್ದಾಗ, ಮೊದಲೇ ಆಸ್ಪತ್ರೆಯಲ್ಲಿ ಇದ್ದು ಬಂದವರಿಗೆ, ತೀರಾ ಹದಗೆಟ್ಟವರಿಗೆ ಇಟ್ಟುಕೊಂಡ ಔಷಧಿ. ಮೈಕೋಪ್ಲಾಸ್ಮಾ ಮೇಲೆ ಅದು ಕೆಲಸವೇ ಮಾಡಲ್ಲ. ಅಡ್ಮಿಟ್ ಮಾಡಬೇಕಾ ಅನ್ನೋದು ಬೇರೆ ಪ್ರಶ್ನೆ, ಅದನ್ನು ಈ ಮೂರು ಟೆಸ್ಟುಗಳಿಂದ ತೀರ್ಮಾನಿಸೋದಲ್ಲ. ಅಪ್ಪ ಸುಮ್ಮನೆ ಕೂತಿರುವಾಗ, ಅವರಿಗೆ ಗೊತ್ತಾಗದ ಹಾಗೆ, ಪೂರಾ ಒಂದು ನಿಮಿಷ ಉಸಿರು ಎಣಿಸಿ. 30 ಮುಟ್ಟಿದರೆ, ಮಾತು ತಡಬಡಾಯಿಸಿದರೆ, ಬಿಪಿ ಮೇಲಿನದು 90ಕ್ಕಿಂತ ಕೆಳಗೆ ಬಂದರೆ, ಆಕ್ಸಿಜನ್ 90ರ ಹತ್ತಿರ ಜಾರಿದರೆ ರಾತ್ರಿ ಎಷ್ಟೇ ಹೊತ್ತಾಗಿರಲಿ ಆಸ್ಪತ್ರೆಗೆ ಹೊರಡಿ. ಇದ್ಯಾವುದೂ ಇಲ್ಲದಿದ್ದರೂ 65 ದಾಟಿದವರು, ಶುಗರ್ ಬೇರೆ ಇದೆ, ಸ್ಟೀರಾಯ್ಡಿನಿಂದ ಅದು ಇನ್ನೂ ಏರಿರುತ್ತದೆ. ಹಾಗಾಗಿ ನಾಳೆ ಒಬ್ಬ ಫಿಸಿಷಿಯನ್ ಎದೆಗೆ ಸ್ಟೆತ್ ಇಟ್ಟು ನೋಡಲೇಬೇಕು, ಯೂರಿಯಾ, ಕ್ರಿಯಾಟಿನಿನ್ ಕೂಡ ಆಗಲಿ.

ಬುಧವಾರ ಸಿಆರ್‌ಪಿ ಇಳಿಯದೇ ಇದ್ದರೆ ಆಗ ಆಂಟಿಬಯೋಟಿಕ್ ಬದಲಿಸೋಕೆ ಮುಂಚೆ ಹುಡುಕಬೇಕಾದ್ದು ಬೇರೆ. ಶ್ವಾಸಕೋಶದ ಸುತ್ತ ನೀರು ಅಥವಾ ಕೀವು ಕಟ್ಟಿದೆಯಾ ಅಂತ ಎದೆಯ ಸೋನೋಗ್ರಫಿ, ಆಮೇಲೆ ಕಫದಲ್ಲಿ ಟಿಬಿ ಹುಡುಕುವ ಸಿಬಿನ್ಯಾಟ್ ಟೆಸ್ಟ್. ಮುಂಬೈಯಲ್ಲಿ ಶುಗರ್ ಇರುವ 68 ವರ್ಷದವರ ಎದೆಯಲ್ಲಿ ಪ್ಯಾಚ್ ಇದ್ದು ಕರಗದೇ ಇದ್ದರೆ ಟಿಬಿಯನ್ನು ನೆನಪಿಸಿಕೊಳ್ಳದೇ ಇರುವ ಹಾಗಿಲ್ಲ. ಆ ಕಫದ ಟೆಸ್ಟ್ ಆಗುವವರೆಗೆ ಯಾರಾದರೂ ಲೆವೋಫ್ಲಾಕ್ಸಾಸಿನ್ ಬರೆದರೆ ಯಾಕೆ ಅಂತ ಒಂದು ಸಲ ಕೇಳಿ. ಅದು ಟಿಬಿ ಬ್ಯಾಕ್ಟೀರಿಯಾವನ್ನೂ ಅಷ್ಟಿಷ್ಟು ಕೊಲ್ಲುತ್ತದೆ, ರೋಗಿ ಹತ್ತು ದಿನ ಚೆನ್ನಾಗಿದ್ದಂತೆ ಕಾಣ್ತಾರೆ, ಟೆಸ್ಟಿನಲ್ಲಿ ಸಿಗದೆ ಹೋಗುತ್ತದೆ, ತಿಂಗಳಾದ ಮೇಲೆ ಮತ್ತೆ ಶುರು.

ಎಲ್ಲ ಸರಿಯಾಗಿ ಇಳಿದರೆ, ಜ್ವರ ಬಿಟ್ಟು, ಉಸಿರು ಸರಿಯಾಗಿ, ಊಟ ಮಾಡ್ತಾ ಇದ್ದರೆ, ಕನಿಷ್ಠ ಐದು ದಿನ ಮುಗಿಸಿ ನಿಮ್ಮ ಡಾಕ್ಟರು ನಿಲ್ಲಿಸಲಿ. ಸಿಆರ್‌ಪಿ 5ರ ಒಳಗೆ ಬರಲಿ ಅಂತ ಕಾಯುತ್ತಾ ಇನ್ನೊಂದು ಪಟ್ಟಿ ಮಾತ್ರೆ ತರಿಸಬೇಡಿ, ಅದು ಪೂರ್ತಿ ಇಳಿಯೋಕೆ ವಾರಗಳೇ ಹಿಡಿಯಬಹುದು. ಎಕ್ಸ್‌ರೇ ಮಾತ್ರ ಆರರಿಂದ ಎಂಟು ವಾರದ ಮೇಲೆ ಇನ್ನೊಂದು ತೆಗೆಸಿ. ವರ್ಷಗಟ್ಟಲೆ ಸೇದಿದವರು, ಆ ಪ್ಯಾಚಿನ ಹಿಂದೆ ಬೇರೆ ಏನೂ ಇರಲಿಲ್ಲ ಅಂತ ಖಚಿತ ಆಗಬೇಕು.